ಮೊದಲ ಸ್ಲೈಡ್ ಮಾತ್ರ ಊರು ತಲುಪಿತು

2023ರ ಡಿಸೆಂಬರ್. ಆಫೀಸಿನಲ್ಲಿ ಬೆಳಗಿನ ಮೀಟಿಂಗ್ ನಡೀತಿತ್ತು, ಚಿಕ್ಕಪ್ಪನ ಮಗನ ಫೋನ್ ಬಂತು. ಕಟ್ ಮಾಡಿದೆ. ಮತ್ತೆ ಬಂತು. ಊರಿಂದ ಎರಡು ಸಲ ಫೋನ್ ಬಂದರೆ ಎತ್ತಲೇಬೇಕು, ಅದು ನಮ್ಮ ಕಡೆಯ ಅಲಿಖಿತ ನಿಯಮ. ಹೊರಗೆ ಬಂದು ಎತ್ತಿದೆ.

"ಅಣ್ಣಾ, ಅಪ್ಪಂಗೆ ಹಾವು ಕಚ್ಚಿಬಿಡ್ತು. ರಾಗಿ ಮೆದೆ ಹತ್ರ. ಕೊಳಕು ಮಂಡಲ. ಆಸ್ಪತ್ರೆಗೆ ಹೋಗ್ತಾ ಇದೀವಿ. ನೀನು ಹಾಕಿದ್ಯಲ್ಲ, ಅದೇ ಥರ ಬಿಗಿಯಾಗಿ ಕಟ್ಟಿದೀನಿ."

ನಾನು ಹಾಕಿದ್ದು ಅದಲ್ಲ. ಅದಕ್ಕೆ ಪೂರ್ತಿ ಉಲ್ಟಾ. ಆದರೆ ಅವನು ಹೇಳಿದ್ದೂ ಸುಳ್ಳಲ್ಲ ಅಂತ ಗೊತ್ತಾಗಿದ್ದು ರಾತ್ರಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನು ತನ್ನ ಮೊಬೈಲ್ ತೋರಿಸಿದಾಗ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದ ಒಂದು ಚಿತ್ರ. ನನ್ನದೇ ಫಾಂಟು, ನಾನೇ ಆರಿಸಿದ ಹಳದಿ ಬಣ್ಣ. ಮಧ್ಯದಲ್ಲಿ ದಪ್ಪ ಅಕ್ಷರದಲ್ಲಿ: "ಹಾವು ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಹಗ್ಗ ಕಟ್ಟಿದರೆ ವಿಷ ಮೇಲೇರುವುದಿಲ್ಲ." ಅದರ ಕೆಳಗೆ ಮೀನಖಂಡಕ್ಕೆ ಹಗ್ಗ ಬಿಗಿದ ಕಾಲಿನ ಚಿತ್ರ.

ಅದು ನಾನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದ ಆರು ಸ್ಲೈಡಿನ ಕ್ಯಾರೊಸೆಲ್‌ನ ಮೊದಲನೇ ಸ್ಲೈಡ್.

ಈ ಥರದ ಪೋಸ್ಟು ನೀವೂ ದಿನಾ ನೋಡಿರ್ತೀರಿ. ಮೊದಲ ಸ್ಲೈಡಿನಲ್ಲಿ ಒಂದು ಮಿಥ್ಯೆ, ಎರಡನೆಯದರಲ್ಲಿ "ಇದು ಸುಳ್ಳು", ಆಮೇಲೆ ವಿವರಣೆ, ಕೊನೆಗೆ ಪುರಾವೆ, ಕಟ್ಟಕಡೆಗೆ "ಸೇವ್ ಮಾಡಿ, ಶೇರ್ ಮಾಡಿ." ನಾನು ಇಂಥ ಹತ್ತಾರು ಪೋಸ್ಟು ನೋಡಿ, ಅದೇ ಅಚ್ಚಿನಲ್ಲಿ ನನ್ನದನ್ನೂ ಎರಕ ಹೊಯ್ದಿದ್ದೆ. ಮಿಥ್ಯೆಯನ್ನು ಮುಂದಿಡೋದು ಯಾಕೆ ಅಂದರೆ, ಬೆರಳು ನಿಲ್ಲೋದು ಅಲ್ಲೇ. "ಹೌದಲ್ವಾ, ನಮ್ಮಜ್ಜಿನೂ ಹೀಗೇ ಹೇಳ್ತಿದ್ರು" ಅಂತ ಓದುಗ ಒಂದು ಕ್ಷಣ ನಿಂತ, ಎಡಕ್ಕೆ ತಳ್ಳಿದ, ಮುಂದೆ ಸತ್ಯ ಸಿಕ್ಕಿತು. ಆರೂ ಸ್ಲೈಡು ಓದಿದವರಿಗೆ ಅದು ಚೆನ್ನಾಗೇ ಕೆಲಸ ಮಾಡಿತ್ತು. ನನ್ನ ಆಫೀಸಿನವರೆಲ್ಲ ಮೆಚ್ಚಿಕೊಂಡಿದ್ದರು.

ಚಿಕ್ಕಪ್ಪನ ಕಥೆ ಮೊದಲು ಮುಗಿಸ್ತೀನಿ, ಅದನ್ನು ಬಿಟ್ಟು ಸ್ಲೈಡಿನ ಮಾತಾಡೋಕೆ ನನಗಾಗಲ್ಲ.

ಅವರ ಕಾಲಿಗೆ ಕಟ್ಟಿದ್ದು ಮೇವು ಕಟ್ಟುವ ಪ್ಲಾಸ್ಟಿಕ್ ಹುರಿ. ಆಸ್ಪತ್ರೆ ತಲುಪೋ ಹೊತ್ತಿಗೆ ಸುಮಾರು ಒಂದು ಗಂಟೆ ಆಗಿತ್ತು, ಹುರಿಯ ಕೆಳಗೆ ಪಾದ ಊದಿ ನೀಲಿಗಟ್ಟಿತ್ತು. ನಮ್ಮ ಹುಡುಗ ಗಾಬರಿಯಲ್ಲಿ "ಮೊದ್ಲು ಇದನ್ನ ಕತ್ತರಿಸಿ ಮೇಡಂ" ಅಂದನಂತೆ. ಡಾಕ್ಟರು ಒಪ್ಪಲಿಲ್ಲ. ಮೊದಲು ಡ್ರಿಪ್ ಹಾಕಿ, ವಿಷಪ್ರತಿರೋಧಕ ಔಷಧಿ ಕೈಗೆ ಸಿಗುವಂತೆ ಇಟ್ಟುಕೊಂಡು, ಆಮೇಲೇ ಹುರಿ ಸಡಿಲಿಸಿದರು. ಕಟ್ಟಿದ್ದನ್ನು ಒಮ್ಮೆಲೇ ಬಿಚ್ಚಿದರೆ ಕೆಳಗೆ ನಿಂತ ವಿಷ ಒಟ್ಟಿಗೇ ಮೈಗೆ ನುಗ್ಗಬಹುದು, ರಕ್ತದೊತ್ತಡ ಕುಸಿಯಬಹುದು. ಕಟ್ಟೋದು ಎಷ್ಟು ತಪ್ಪೋ, ದಾರಿಯಲ್ಲಿ ಗಾಬರಿಯಿಂದ ಬಿಚ್ಚೋದೂ ಅಷ್ಟೇ ತಪ್ಪು. ನನ್ನ ಆರು ಸ್ಲೈಡಿನಲ್ಲಿ ಈ ಒಂದು ಮಾತು ಎಲ್ಲೂ ಇರಲಿಲ್ಲ.

ಆಮೇಲೆ ಅವರು ಒಂದು ಪರೀಕ್ಷೆ ಮಾಡಿದರು. ತೋಳಿಂದ ಸ್ವಲ್ಪ ರಕ್ತ ತೆಗೆದು, ಒಣಗಿದ ಸ್ವಚ್ಛ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟರು. ಪ್ಲಾಸ್ಟಿಕ್ ಟ್ಯೂಬ್ ಆಗಲ್ಲ, ಸೋಪಿನಲ್ಲಿ ತೊಳೆದದ್ದೂ ಆಗಲ್ಲ. 20 ನಿಮಿಷ ಆದಮೇಲೆ ಟ್ಯೂಬನ್ನು ಓರೆ ಮಾಡಿದರು, ರಕ್ತ ನೀರಿನ ಹಾಗೆ ಹರಿಯಿತು. ಹೆಪ್ಪುಗಟ್ಟಿರಲಿಲ್ಲ. ಮಂಡಲದ ವಿಷ ರಕ್ತಕ್ಕೆ ಇಳಿದಿದೆ ಅನ್ನೋದಕ್ಕೆ ಅದೇ ಗುರುತು. ಮೊದಲು 10 ವಯಲ್ ಔಷಧಿ ಕೊಟ್ಟರು. 6 ಗಂಟೆ ಬಿಟ್ಟು ಮತ್ತೆ ಅದೇ ಪರೀಕ್ಷೆ, ಮತ್ತೆ ಹರಿಯಿತು, ಇನ್ನೂ 10 ವಯಲ್. ಮೂರನೇ ಸಲ ಹೆಪ್ಪುಗಟ್ಟಿತು. ಚಿಕ್ಕಪ್ಪ ಉಳಿದರು. ಆದರೆ ಪಾದದ ಮೇಲಿನ ಚರ್ಮ ಕಪ್ಪಾಗಿ ಸತ್ತು, ಅದನ್ನು ತೆಗೆದು, ಗಾಯ ಮಾಯೋಕೆ ಎರಡು ತಿಂಗಳು ಹಿಡಿಯಿತು. ಅದರಲ್ಲಿ ವಿಷದ ಪಾಲೆಷ್ಟು, ಹುರಿಯ ಪಾಲೆಷ್ಟು ಅಂತ ಕೇಳಿದೆ. "ಬೇರೆ ಮಾಡಿ ಹೇಳೋಕಾಗಲ್ಲ. ಮಂಡಲದ ವಿಷ ತಾನೇ ಮಾಂಸವನ್ನ ಕೊಲ್ಲುತ್ತೆ. ನೀವು ಅದನ್ನ ಅಲ್ಲೇ ಕಟ್ಟಿ ಕೂರಿಸಿದ್ರಿ" ಅಂದರು ಡಾಕ್ಟರು. ನೀವು ಅಂದದ್ದು ನಮ್ಮ ಮನೆಯವರನ್ನೆಲ್ಲ ಸೇರಿಸಿ. ನನಗೆ ಮಾತ್ರ ಅದು ನನ್ನೊಬ್ಬನಿಗೇ ಅಂದ ಹಾಗೆ ಕೇಳಿಸಿತು.

ಬೆಂಗಳೂರಿಗೆ ಬಂದ ಮೇಲೆ ನನ್ನ ಪೋಸ್ಟನ್ನು, ಪ್ರೊಡಕ್ಷನ್‌ನಲ್ಲಿ ಒಡೆದುಹೋದ ಕೋಡ್ ನೋಡೋ ಹಾಗೆ, ಒಂದೊಂದೇ ಸ್ಲೈಡ್ ಬಿಚ್ಚಿ ನೋಡಿದೆ.

ಮೊದಲ ಸ್ಲೈಡಿನ ಅಳತೆ 1080 ಅಗಲ, 1350 ಎತ್ತರ. ಅದರ ನೆತ್ತಿಯ ಮೇಲೆ 120 ಪಿಕ್ಸೆಲ್‌ನ ಒಂದು ಕೆಂಪು ಪಟ್ಟಿ, ಅದರಲ್ಲಿ ಸಣ್ಣದಾಗಿ "ಮಿಥ್ಯೆ." ಇಡೀ ಸ್ಲೈಡಿನಲ್ಲಿ ಈ ಮಾತು ಸುಳ್ಳು ಅಂತ ಹೇಳ್ತಿದ್ದದ್ದು ಆ ಪಟ್ಟಿ ಮಾತ್ರ. ಆಗ ಇನ್‌ಸ್ಟಾಗ್ರಾಂ ಪ್ರೊಫೈಲ್ ಪುಟದಲ್ಲಿ ಚಿತ್ರಗಳನ್ನು ಚೌಕ ಮಾಡಿ ತೋರಿಸ್ತಿತ್ತು. 1350ರ ಎತ್ತರವನ್ನು 1080ಕ್ಕೆ ತರಬೇಕಾದರೆ ಮೇಲೆ 135, ಕೆಳಗೆ 135 ಪಿಕ್ಸೆಲ್ ಹೋಗಬೇಕು. ನನ್ನ ಕೆಂಪು ಪಟ್ಟಿ ಪೂರ್ತಿಯಾಗಿ ಆ 135ರ ಒಳಗೇ ಇತ್ತು. ಯಾರೂ ಕತ್ತರಿಸಬೇಕಾಗಿಯೇ ಇರಲಿಲ್ಲ, ಆಪ್ ತಾನೇ ಕತ್ತರಿಸಿ ಕೊಡ್ತಿತ್ತು. ಇನ್ನು ಸ್ಕ್ರೀನ್‌ಶಾಟ್ ತೆಗೆಯೋರು ಮೇಲೆ ಕೆಳಗೆ ಸವರಿಯೇ ತೆಗೀತಾರೆ. ಕ್ಯಾರೊಸೆಲನ್ನು ಸ್ಟೋರಿಗೆ ಹಾಕಿದರೂ ಕಾಣೋದು ಒಂದೇ ಸ್ಲೈಡು.

ಪಟ್ಟಿ ಉಳಿದಿದ್ದರೂ ಏನಾಗ್ತಿತ್ತು? ಅಮ್ಮನಿಗೆ ಮೂಲ ಸ್ಲೈಡನ್ನೇ ತೋರಿಸಿದೆ. ಅಮ್ಮ ಏಳನೇ ಕ್ಲಾಸ್ ಓದಿದ್ದಾಳೆ, ಪೇಪರ್ ಓದ್ತಾಳೆ. "ಮಿಥ್ಯೆ ಅಂದ್ರೆ ಏನೋ ಮಗ, ಆ ಹಾವಿನ ಹೆಸರಾ?" ಅಂದಳು. ನಾವು ಇಂಗ್ಲಿಷಿನ ಮಿತ್ ಅನ್ನೋದಕ್ಕೆ ಪಠ್ಯಪುಸ್ತಕದಿಂದ ಒಂದು ಪದ ಎಳೆದು ತಂದಿದ್ದೀವಿ. ಊರಿನಲ್ಲಿ ಅದಕ್ಕೆ "ಸುಳ್ಳು" ಅಂತಾರೆ, ಅಷ್ಟೇ.

ಇನ್ನೊಂದು, ಇದು ಕನ್ನಡದ್ದೇ ತೊಂದರೆ. ಇಂಗ್ಲಿಷಿನಲ್ಲಿ ಬೇಡ ಅನ್ನೋ ಮಾತು ವಾಕ್ಯದ ಮುಂದೆಯೇ ಬರುತ್ತೆ. ನಮ್ಮಲ್ಲಿ ಅದು ಕಟ್ಟಕಡೆಗೆ. "ಹಾವು ಕಚ್ಚಿದಾಗ ಹಗ್ಗ ಕಟ್ಟಬೇಕು ಎನ್ನುವುದು ತಪ್ಪು" ಅಂತ ಬರೆದರೆ, ಕೊನೆಯ ಎರಡು ಪದ ಎರಡನೇ ಸಾಲಿಗೆ ಬಿದ್ದು, ಮೊದಲ ಸಾಲು ತಾನೇ ಒಂದು ಸಲಹೆಯಾಗಿ ನಿಂತುಬಿಡುತ್ತೆ. "ಕಟ್ಟಬೇಕು", "ಕಟ್ಟಬೇಡಿ", ಇವೆರಡಕ್ಕೂ ಇರೋದು ಕೊನೇ ಅಕ್ಷರದ ವ್ಯತ್ಯಾಸ. ಕನ್ನಡಕ ಇಲ್ಲದವರಿಗೆ, ಬಿಸಿಲಿನಲ್ಲಿ ಮೊಬೈಲ್ ನೋಡೋರಿಗೆ ಅದು ಎಷ್ಟರ ಮಟ್ಟಿಗೆ ಕಾಣುತ್ತೆ ಹೇಳಿ.

ಈ ಬಗ್ಗೆ ಸಂಶೋಧನೆ ಮಾಡಿದವರಿದ್ದಾರೆ. ಸ್ಟೀಫನ್ ಲೆವಾಂಡೋವ್ಸ್ಕಿ, ಜಾನ್ ಕುಕ್ ಮತ್ತಿತರರು ಸೇರಿ 2020ರಲ್ಲಿ ಹೊರತಂದ 'ಡಿಬಂಕಿಂಗ್ ಹ್ಯಾಂಡ್‌ಬುಕ್' ಒಂದು ಕ್ರಮ ಹೇಳುತ್ತೆ: ಮೊದಲು ಸತ್ಯ, ಆಮೇಲೆ "ಈಗೊಂದು ಸುಳ್ಳು ಹೇಳ್ತೀನಿ" ಅಂತ ಎಚ್ಚರಿಸಿ ಒಂದೇ ಸಲ ಸುಳ್ಳು, ಅದು ಹೇಗೆ ದಾರಿ ತಪ್ಪಿಸುತ್ತೆ ಅನ್ನೋ ವಿವರಣೆ, ಕೊನೆಗೆ ಮತ್ತೆ ಸತ್ಯ. ನಾನು ಇದನ್ನು ಓದಿ, ಓಹೋ, ನನ್ನ ತಪ್ಪು ಕ್ರಮದ್ದು ಅಂತ ತೀರ್ಮಾನಿಸಿಬಿಟ್ಟೆ. ಅಷ್ಟು ಸುಲಭ ಅಲ್ಲ. 2021ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಸುಳ್ಳು ಮೊದಲು, ಸತ್ಯ ಮೊದಲು, ಹೀಗೆ ಬೇರೆಬೇರೆ ಕ್ರಮಗಳನ್ನು ಹೋಲಿಸಿ ನೋಡಿದರು. ಕ್ರಮದಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ, ತಿದ್ದುಪಡಿ ಓದುಗನಿಗೆ ಸಿಕ್ಕಿತೋ ಇಲ್ಲವೋ ಅನ್ನೋದೇ ಮುಖ್ಯವಾಯಿತು. ಸುಳ್ಳನ್ನು ಒಮ್ಮೆ ಹೇಳಿದರೇ ಅದು ತಲೆಯಲ್ಲಿ ಗಟ್ಟಿಯಾಗುತ್ತೆ ಅನ್ನೋ ಹಳೇ ಭಯಕ್ಕೂ ಈಗ ಅಷ್ಟು ಆಧಾರ ಇಲ್ಲ. ಆ ಹ್ಯಾಂಡ್‌ಬುಕ್ಕೇ ಅದನ್ನು ಒಪ್ಪುತ್ತೆ.

ಆದರೆ ಇಂಥ ಅಧ್ಯಯನಗಳಲ್ಲಿ ಜನರ ಮುಂದೆ ಸುಳ್ಳನ್ನೂ ಇಡ್ತಾರೆ, ತಿದ್ದುಪಡಿಯನ್ನೂ ಇಡ್ತಾರೆ. ಅವರು ಎರಡನ್ನೂ ಓದ್ತಾರೆ. ನಮ್ಮೂರಿನ ಗ್ರೂಪಿಗೆ ಬಂದದ್ದು ಒಂದು ಮಾತ್ರ. ಕ್ಯಾರೊಸೆಲ್ ಮಾಡೋನು ಆರು ಸ್ಲೈಡನ್ನು ಒಂದು ಬರಹ ಅಂದುಕೊಂಡಿರ್ತಾನೆ, ಲೋಕಕ್ಕೆ ಅವು ಆರು ಬಿಡಿ ಚಿತ್ರಗಳು. ನಮ್ಮ ವೃತ್ತಿಯಲ್ಲಿ ಇದಕ್ಕೆ ಸ್ಟೇಟ್‌ಲೆಸ್ ಅಂತಾರೆ: ಪ್ರತಿ ರಿಕ್ವೆಸ್ಟೂ ತನಗೆ ಬೇಕಾದ್ದನ್ನೆಲ್ಲ ತಾನೇ ಹೊತ್ತು ಬರಬೇಕು, ಹಿಂದಿನದು ನೆನಪಿದೆ ಅಂತ ಸರ್ವರನ್ನು ನಂಬಬಾರದು. ಹತ್ತು ವರ್ಷ ಇದನ್ನು ಕೋಡಿನಲ್ಲಿ ಬರೆದವನಿಗೆ ಸ್ಲೈಡಿನಲ್ಲಿ ಹೊಳೆಯಲಿಲ್ಲ.

ಆಮೇಲೆ ಕಣ್ಣಿಗೆ ಬಿದ್ದದ್ದು ಪುರಾವೆಯ ಸ್ಲೈಡು. ನನಗೆ ಅತಿ ಹೆಮ್ಮೆ ಇದ್ದದ್ದು ಅದರ ಮೇಲೇ. ದೊಡ್ಡದಾಗಿ "ವರ್ಷಕ್ಕೆ 58,000 ಸಾವು" ಅಂತ ಹಾಕಿದ್ದೆ. ಸಂಖ್ಯೆ ಸರಿಯೇ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಅಂತ 2020ರಲ್ಲಿ ಪ್ರಕಟವಾದ ಅಂದಾಜು ಅದು. ಆದರೆ ಒಂದು ನಿಮಿಷ ಯೋಚಿಸಿ. ಈ ಸಂಖ್ಯೆ ಹಗ್ಗ ಕಟ್ಟಬಾರದು ಅನ್ನೋದನ್ನ ಹೇಗೆ ತೋರಿಸುತ್ತೆ? ತೋರಿಸಲ್ಲ. ಹಾವು ಅಪಾಯ ಅಂತ ತೋರಿಸುತ್ತೆ. ಹಗ್ಗ ಕಟ್ಟಬೇಕು ಅನ್ನೋನೂ ಅದನ್ನೇ ಹೇಳ್ತಾನೆ, "ಅದಕ್ಕೇ ಕಣಯ್ಯ ಬೇಗ ಕಟ್ಟಬೇಕು" ಅಂತಾನೆ. ಒಂದು ಮಾತಿಗೆ ಇನ್ನೊಂದು ಮಾತಿನ ಪುರಾವೆ ಅಂಟಿಸಿದ್ದೆ. ಇದು ಗೊತ್ತಾದ ಮೇಲೆ ಬೇರೆಯವರ ಕ್ಯಾರೊಸೆಲ್‌ಗಳನ್ನು ನೋಡಿದೆ. ಕೊನೇ ಸ್ಲೈಡಿನಲ್ಲಿ ಯಾವುದೋ ಸಂಶೋಧನಾ ಲೇಖನದ ಶೀರ್ಷಿಕೆಯ ಫೋಟೋ ಇರುತ್ತೆ, ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಅದು ಪುರಾವೆ ಅಲ್ಲ, ಪುರಾವೆಯ ಮುದ್ರೆ. ಕ್ಯಾಪ್ಷನ್‌ನಲ್ಲಿ ಲಿಂಕ್ ಹಾಕಿದರೆ ಒತ್ತೋಕೂ ಬರಲ್ಲ.

ಹೊಸದಾಗಿ ಮಾಡೋಕೆ ಕೂತೆ. ಈ ಸಲ ಐದೇ ಸ್ಲೈಡು, ಪ್ರತಿಯೊಂದಕ್ಕೂ ಒಂದೇ ಷರತ್ತು: ಇದೊಂದೇ ಯಾರದೋ ಕೈಗೆ ಸಿಕ್ಕಿದರೆ ಅವರು ಏನು ಮಾಡ್ತಾರೆ?

ಒಂದನೆಯದು: "ಹಾವು ಕಚ್ಚಿತಾ? ಹಗ್ಗ ಬೇಡ. ಕಾಲು ಅಲುಗಿಸದೆ ಆಸ್ಪತ್ರೆಗೆ." ಪಟ್ಟಿ ಇಲ್ಲ, ಬಣ್ಣದ ಮೇಲೆ ಭಾರ ಇಲ್ಲ, ಅಕ್ಷರವೆಲ್ಲ ನಡುವಿನ ಚೌಕದೊಳಗೇ. ಎರಡನೆಯದರಲ್ಲಿ ಸುಳ್ಳು ಬರಲೇಬೇಕಿತ್ತು, ಯಾಕಂದರೆ ಯಾವ ಮಾತನ್ನು ಬಿಡಬೇಕು ಅಂತ ಜನಕ್ಕೆ ಗೊತ್ತಾಗಬೇಕಲ್ಲ. ಮೊದಲು "ಹಗ್ಗ ಕಟ್ಟಿದರೆ ವಿಷ ನಿಲ್ಲುತ್ತೆ ಅಂತಾರೆ. ನಿಲ್ಲಲ್ಲ" ಅಂತ ಬರೆದೆ. ಅಮ್ಮನಿಗೆ ಫೋನಿನಲ್ಲಿ ಕಳಿಸಿ, ಐದು ಎಣಿಸಿ, "ಏನಂತಿದೆ ಹೇಳು" ಅಂದೆ. "ಹಗ್ಗ ಕಟ್ಟಿದ್ರೆ ವಿಷ ನಿಲ್ಲುತ್ತಂತೆ" ಅಂದಳು. ಹಾಗಾಗಿ ಸುಳ್ಳನ್ನೂ ಅದರ ತಪ್ಪನ್ನೂ ಒಂದೇ ವಾಕ್ಯದಲ್ಲಿ ಹೆಣೆದೆ: "ಬಿಗಿದ ಹಗ್ಗ ವಿಷವನ್ನಲ್ಲ, ರಕ್ತವನ್ನು ತಡೆಯುತ್ತೆ. ಕಾಲು ಕೊಳೆಯಬಹುದು." ಇದನ್ನು ಎಲ್ಲಿ ಕತ್ತರಿಸಿದರೂ ಹಗ್ಗ ಕಟ್ಟಿ ಅನ್ನೋ ಸಲಹೆ ಹುಟ್ಟಲ್ಲ. ವೈದ್ಯರ ಮಾತಿನಲ್ಲಿ ಇದು ಸ್ವಲ್ಪ ಒರಟು, ವಿಷದ ಹರಿವು ಒಂದಿಷ್ಟು ನಿಧಾನ ಆಗಲೂಬಹುದು. ಆದರೆ ಅದಕ್ಕೆ ತೆರುವ ಬೆಲೆ ಏನು ಅಂತ ನಾನು ನೋಡಿದ್ದೆ.

ಮೂರನೇ ಸ್ಲೈಡು ಹಳೆಯದರಲ್ಲಿ ಇರಲೇ ಇಲ್ಲ. ಈಗ ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತೆ. ಹಗ್ಗ ಕಟ್ಟಿ ಬದುಕಿದವರು ಊರಲ್ಲಿ ಇದ್ದೇ ಇದ್ದಾರೆ. ನಮ್ಮ ತಾತನೇ ಒಬ್ಬರು. ನೀನು ಸುಳ್ಳು ಅಂತ ಹೇಳಿದ ತಕ್ಷಣ ಅವರು ತಾತನನ್ನು ನೆನೆಸಿಕೊಳ್ತಾರೆ, ನಿನ್ನ ಸ್ಲೈಡು ಅಲ್ಲಿಗೆ ಸೋತಿತು. ಹಾಗಾದರೆ ತಾತ ಬದುಕಿದ್ದು ಹೇಗೆ? ಕಚ್ಚೋ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವೇ ಇರಲ್ಲ. ಕೇರೆ ಕಚ್ಚಿದರೆ ಹಗ್ಗ ಕಟ್ಟಿದರೂ ಬದುಕ್ತಾರೆ, ಕಟ್ಟದಿದ್ದರೂ ಬದುಕ್ತಾರೆ. ವಿಷದ ಹಾವೂ ಕೆಲವು ಸಲ ಹಲ್ಲೂರಿದರೂ ವಿಷ ಬಿಡಲ್ಲ. ಇವೆರಡೂ ಸೇರಿ ಹಗ್ಗಕ್ಕೆ, ಬೇರಿಗೆ, ಮಂತ್ರಕ್ಕೆ ಹೆಸರು ತಂದುಕೊಟ್ಟಿವೆ. ಸ್ಲೈಡಿನಲ್ಲಿ ಬರೆದದ್ದು ಇಷ್ಟು: "ಅಜ್ಜನನ್ನು ಉಳಿಸಿದ್ದು ಹಗ್ಗ ಅಲ್ಲ, ವಿಷ ಇಲ್ಲದ ಕಡಿತ." ಅಜ್ಜನಿಗೆ ಅವಮಾನ ಆಗಬಾರದು, ಆದರೆ ಹಗ್ಗದ ಕೀರ್ತಿ ಹೋಗಬೇಕು.

ಪುರಾವೆಯ ಸ್ಲೈಡಿಗೆ ಒಂದು ಭಾನುವಾರ ಪೂರ್ತಿ ಹೋಯಿತು. ಕೇಂದ್ರ ಆರೋಗ್ಯ ಇಲಾಖೆಯ ಹಾವು ಕಡಿತದ ಚಿಕಿತ್ಸಾ ಮಾರ್ಗಸೂಚಿ, ಆಗ್ನೇಯ ಏಷ್ಯಾಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ತಂದ ಮಾರ್ಗಸೂಚಿ, ಎರಡೂ ಬಿಗಿಯಾಗಿ ಕಟ್ಟಬೇಡಿ ಅಂತಲೇ ಹೇಳ್ತವೆ. ಯಾರು ಹೇಳಿದ್ದು, ಏನು ಹೇಳಿದ್ದು ಅಂತ ಕನ್ನಡದಲ್ಲಿ ಎರಡು ಸಾಲು ಹಾಕಿದೆ. ಸಾವಿನ ಸಂಖ್ಯೆ ತೆಗೆದೆ. ಅದರ ಬದಲು, ಅದೇ ಸಂಶೋಧಕರ ಗುಂಪಿನ 2011ರ ವರದಿಯ ಒಂದು ಮಾತು ಹಾಕಿದೆ: ಹಾವು ಕಚ್ಚಿ ಸತ್ತವರಲ್ಲಿ ಮುಕ್ಕಾಲು ಪಾಲು ಜನ ಸತ್ತದ್ದು ಆಸ್ಪತ್ರೆಯಲ್ಲಲ್ಲ, ಹೊರಗೆ. ಇದು ಹಗ್ಗದ ಬಗ್ಗೆ ಅಲ್ಲ, "ಆಸ್ಪತ್ರೆಗೆ" ಅನ್ನೋ ಪದದ ಬಗ್ಗೆ. ಹಾಗಾಗಿ ಆ ಪದದ ಕೆಳಗೇ ಇಟ್ಟೆ. ಸತ್ತವರ ಮನೆಯವರನ್ನು ವಿಚಾರಿಸಿ ತಯಾರಿಸಿದ ಅಂದಾಜು ಅಂತಲೂ ಬರೆದೆ. ಗೆಳೆಯನೊಬ್ಬ "ಇದನ್ನ ಯಾಕೆ ಬರೀತೀಯ, ವೀಕ್ ಆಗುತ್ತೆ" ಅಂದ. ಇರಲಿ ಬಿಡು ಅಂದೆ.

ಐದನೆಯದು ಏನು ಮಾಡಬೇಕು ಅನ್ನೋದು. ಉಂಗುರ, ಕಾಲುಂಗುರ, ಗೆಜ್ಜೆ ತೆಗೆಯಿರಿ. ಕಾಲಿಗೆ ದಬ್ಬೆ ಕೊಟ್ಟು ಅಲುಗದಂತೆ ಇಡಿ. 108ಕ್ಕೆ ಫೋನ್ ಮಾಡಿ. ಈಗಾಗಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಡಾಕ್ಟರು ಬಿಚ್ಚಲಿ. ಹಾವನ್ನು ಹುಡುಕಿಕೊಂಡು ಹೋಗಬೇಡಿ, ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲ, ಈ ನಾಲ್ಕಕ್ಕೂ ಔಷಧಿ ಒಂದೇ. ಜೊತೆಗೆ ದಬ್ಬೆ ಕಟ್ಟಿದ ಕಾಲಿನ ಚಿತ್ರ ಬರೆಸಿದೆ. ಅಮ್ಮನಿಗೆ ಕಳಿಸಿದೆ.

"ಬೇಡ ಅಂದ್ಯಲ್ಲೋ, ಇಲ್ಲೂ ಕಟ್ಟಿದ್ದೀಯಲ್ಲ?"

ನಿಜ. ಚಿತ್ರದಲ್ಲಿ ದಬ್ಬೆಗೆ ಮೂರು ಕಡೆ ಹಗ್ಗ ಕಟ್ಟಿತ್ತು. ದೂರದಿಂದ ನೋಡಿದರೆ ನನ್ನ ಹಳೇ ಚಿತ್ರದ ಹಾಗೇ ಕಾಣ್ತಿತ್ತು. ಹಗ್ಗ ತೆಗೆಸಿ ಅಗಲವಾದ ಟವೆಲ್ ಬರೆಸಿದೆ, ಟವೆಲ್ಲಿನ ಅಡಿಗೆ ಎರಡು ಬೆರಳು ತೂರಿಸಿದ ಹಾಗೆ ಒಂದು ಕೈ ಬರೆಸಿದೆ, ಪಕ್ಕದಲ್ಲಿ "ಬೆರಳು ತೂರುವಷ್ಟು ಸಡಿಲ" ಅಂತ ಬರೆಸಿದೆ. ಆಮೇಲೆ ಐದೂ ಸ್ಲೈಡನ್ನು ಕಲಸಿ, ಒಬ್ಬೊಬ್ಬರಿಗೆ ಒಂದೊಂದನ್ನೇ ಕಳಿಸಿದೆ: ಅತ್ತೆ, ಹಾಲಿನ ಡೈರಿಯ ಹುಡುಗ, ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಅಣ್ಣ. ಯಾರೂ ಹಗ್ಗ ಕಟ್ಟಬೇಕು ಅನ್ನಲಿಲ್ಲ. ಪುರಾವೆಯ ಸ್ಲೈಡು ಸಿಕ್ಕ ಅತ್ತೆ ಮಾತ್ರ "ಏನೋ ಸರ್ಕಾರದ್ದು" ಅಂದರು.

ಹೊಸ ಪೋಸ್ಟಿಗೆ ಬಂದ ಲೈಕು ಹಳೆಯದರ ಅರ್ಧವೂ ಇಲ್ಲ. ಸುಳ್ಳಿನಷ್ಟು ಚೆನ್ನಾಗಿ "ಹಗ್ಗ ಬೇಡ" ಅನ್ನೋದು ಬೆರಳನ್ನು ನಿಲ್ಲಿಸಲ್ಲ. ಹಳೆಯದನ್ನು ಅಳಿಸಿದೆ, ಆದರೆ ಆ ಸ್ಕ್ರೀನ್‌ಶಾಟ್ ಈಗಲೂ ಎಲ್ಲೆಲ್ಲಿ ಓಡಾಡ್ತಿದೆಯೋ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆ ದಿನ ಊರಿನ ಗ್ರೂಪಿಗೆ ಸುದ್ದಿಯ ಜೊತೆ ನನ್ನ ಮೊದಲ ಸ್ಲೈಡನ್ನೂ ಹಾಕಿದೆ. ಎರಡು ಹೆಬ್ಬೆರಳು, ಒಂದು ಕೈಮುಗಿದ ಚಿಹ್ನೆ.

ಹಬ್ಬಕ್ಕೆ ಹೋದಾಗ ಚಿಕ್ಕಪ್ಪ ಜಗಲಿ ಮೇಲೆ ಕೂತಿದ್ದರು. ಐದೂ ಸ್ಲೈಡು ತಾಳ್ಮೆಯಿಂದ ಓದಿದರು. ಆಮೇಲೆ ಪಂಚೆ ಎತ್ತಿ, ಮೀನಖಂಡದ ಸುತ್ತ ಇನ್ನೂ ಉಳಿದಿರೋ ಹುರಿಯ ಗುರುತು, ಅದರ ಕೆಳಗೆ ಸುಕ್ಕಾದ ಪಾದ ಎರಡೂ ಕಾಣೋ ಹಾಗೆ ಕಾಲು ಚಾಚಿ, "ಇದರ ಫೋಟೋ ಹಾಕು" ಅಂದರು.

"ಚಿಕ್ಕಪ್ಪ, ಇದು ಹುರಿಯಿಂದಾನೇ ಆಗಿದ್ದು ಅಂತ ಹೇಳೋಕಾಗಲ್ಲ. ಡಾಕ್ಟರೇ ಗೊತ್ತಾಗಲ್ಲ ಅಂದ್ರು."

"ಡಾಕ್ಟ್ರಿಗೆ ಗೊತ್ತಾಗ್ದಿದ್ರೆ ಬಿಡೋ. ನೀನ್ ಬರ್ದಿರೋದನ್ನ ಯಾರ್ ಓದ್ತಾರೆ, ಇದನ್ನಾದ್ರೆ ನೋಡ್ತಾರೆ."

ಫೋಟೋ ತೆಗೆದೆ. ಅದನ್ನು ಆರನೇ ಸ್ಲೈಡ್ ಮಾಡಬೇಕೋ ಬೇಡವೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಲ್ಯಾಪ್‌ಟಾಪಿನಲ್ಲಿ, ಆ ಐದರ ಫೋಲ್ಡರಿನಲ್ಲೇ ಇದೆ.